ಆರು ಕಡೆ ಪಾಠ, ಬಯೋಡೇಟಾದಲ್ಲಿ ಒಂದೇ ವಿಭಾಗ: ಅತಿಥಿ ಉಪನ್ಯಾಸಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮುಗಿಸಿ ಪಾಠ ಹೇಳಲು ಹೊರಟವರ ಬಯೋಡೇಟಾಗಳನ್ನು ಹಲವು ವರ್ಷಗಳಿಂದ ಓದಿ ತಿದ್ದಿಕೊಡುತ್ತಿದ್ದೇನೆ. ನಾನೂ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು ಊರು, ನಡುವೆ ಬಸ್ಸಿನಲ್ಲಿ ನೋಟ್ಸ್ ಓದುವುದು ಎಂದರೆ ಏನೆಂದು ಗೊತ್ತು. ಆ ದುಡಿಮೆಯೆಲ್ಲ ಕಾಗದದ ಮೇಲೆ ಚೂರುಚೂರಾಗಿ ಬಿದ್ದಿರುವುದನ್ನು ಕಂಡಾಗ ನೋವಾಗುತ್ತದೆ. ಫೋನಿನಲ್ಲಿ, ಪತ್ರದಲ್ಲಿ, ಕಾಲೇಜಿನ ಪಡಸಾಲೆಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಐದು ಕಾಲೇಜುಗಳಲ್ಲಿ ಒಂದೊಂದು ಸೆಮಿಸ್ಟರ್ ಪಾಠ ಮಾಡಿದ್ದೇನೆ. ಐದನ್ನೂ ಬೇರೆ ಬೇರೆ ಕೆಲಸ ಎಂದು ಬರೆಯಬೇಕೇ, ಒಟ್ಟಿಗೆ ಬರೆದರೆ ನಡೆಯುತ್ತದೆಯೇ?

ಒಟ್ಟಿಗೆ ಬರೆಯಿರಿ. ಐದು ತಿಂಗಳ ಕೆಲಸ ಐದು ಸಲ ಕಂಡರೆ, ಓದುವವರ ಕಣ್ಣಿಗೆ ಮೊದಲು ಬೀಳುವುದು ಬಿಟ್ಟ ದಿನಾಂಕಗಳೇ. ಎಲ್ಲಿಯೂ ನಿಲ್ಲದವರು ಎಂದು ಅವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ನೀವು ಮಾಡಿದ್ದು ಒಂದೇ ಕೆಲಸ, ಒಂದೇ ವಿಷಯದ ಬೋಧನೆ. ಬದಲಾದದ್ದು ಊರು ಮಾತ್ರ. ಆದ್ದರಿಂದ ಮೇಲೆ ಒಂದು ತಲೆಬರಹ, ಅದರ ಪಕ್ಕದಲ್ಲಿ ಮೊದಲ ತಿಂಗಳಿನಿಂದ ಕೊನೆಯ ತಿಂಗಳವರೆಗಿನ ಅವಧಿ, ಅದರ ಕೆಳಗೆ ಒಂದೊಂದು ಕಾಲೇಜಿಗೆ ಒಂದೊಂದು ಸಾಲು ಇರಲಿ.

ಎರಡು ಸಂದರ್ಭಗಳಲ್ಲಿ ಮಾತ್ರ ಒಟ್ಟುಗೂಡಿಸಬೇಡಿ. ಒಂದೇ ಕಡೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪೂರ್ಣಾವಧಿಗೆ ಕೆಲಸ ಮಾಡಿದ್ದರೆ ಅದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ, ಅದನ್ನು ಬೇರೆಯಾಗಿಯೇ ಬರೆಯಿರಿ. ಪಾಠಕ್ಕೆ ಸಂಬಂಧವಿಲ್ಲದ ಕೆಲಸವನ್ನೂ, ಉದಾಹರಣೆಗೆ ಸಹಕಾರಿ ಸಂಘದ ಲೆಕ್ಕ ಬರೆಯುವ ಕೆಲಸವನ್ನು, ಇದರೊಳಗೆ ಸೇರಿಸಬೇಡಿ.

ತಲೆಬರಹದಲ್ಲಿ "ಉಪನ್ಯಾಸಕಿ" ಎಂದಷ್ಟೇ ಹಾಕಿದರೆ ಸಾಲದೇ ಮೇಡಂ? "ಅತಿಥಿ" ಎಂಬ ಮಾತು ನೋಡಿದರೆ ಬೆಲೆ ಕಡಿಮೆಯಾಗುತ್ತದೆ ಎನ್ನುತ್ತಾರೆ.

ನೇಮಕದ ಆದೇಶದಲ್ಲಿ ಯಾವ ಪದವಿದೆಯೋ ಅದನ್ನೇ ಬರೆಯಿರಿ. "ಅತಿಥಿ ಉಪನ್ಯಾಸಕಿ, ಗಣಿತ" ಎಂದರೆ ಸಾಕು. "ಅತಿಥಿ" ಎಂಬುದನ್ನು ಕೈಬಿಟ್ಟರೆ ದಾಖಲೆ ಪರಿಶೀಲನೆಯ ದಿನ ಪ್ರಮಾಣಪತ್ರ ಒಂದು ಹೇಳುತ್ತದೆ, ಬಯೋಡೇಟಾ ಇನ್ನೊಂದು ಹೇಳುತ್ತದೆ. ಆಮೇಲೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ. ಈ ಭಾಗದ ಖಾಸಗಿ ಕಾಲೇಜುಗಳ ಆಯ್ಕೆ ಸಮಿತಿಗಳಲ್ಲಿ ಕೂರುವ ಅನೇಕರು ತಾವೇ ಒಂದು ಕಾಲಕ್ಕೆ ಅತಿಥಿ ಉಪನ್ಯಾಸಕರಾಗಿದ್ದವರು. ಆ ಪದ ಅವರಿಗೆ ಕೀಳಾಗಿ ಕಾಣುವುದಿಲ್ಲ.

ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿದ್ದರೆ, ಅಂದರೆ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಪಿಯು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿ ಎಂದಿದ್ದರೆ, ತಲೆಬರಹದಲ್ಲಿ "ಗಣಿತ ಬೋಧನೆ" ಎಂದು ಹಾಕಿ, ಹುದ್ದೆಯ ಹೆಸರನ್ನು ಆಯಾ ಕಾಲೇಜಿನ ಸಾಲಿನಲ್ಲಿ ಕೊಡಿ.

ಪ್ರತಿ ಕಾಲೇಜಿನ ಕೆಳಗೆ ಏನು ಬರೆಯಲಿ? ಎಲ್ಲ ಕಡೆ ನಾನು ಮಾಡಿದ್ದು ಪಾಠವೇ ಅಲ್ಲವೇ?

ಎಲ್ಲ ಕಡೆಗೂ ಸಮಾನವಾದದ್ದನ್ನು ಒಮ್ಮೆ ಮೇಲೆಯೇ ಹೇಳಿಬಿಡಿ. ಆಂತರಿಕ ಪರೀಕ್ಷೆ ನಡೆಸಿದ್ದು, ಉತ್ತರಪತ್ರಿಕೆ ತಿದ್ದಿದ್ದು, ಹಾಜರಾತಿ ಇಟ್ಟಿದ್ದು ಪ್ರತಿ ಕಾಲೇಜಿನ ಕೆಳಗೂ ಮರುಕಳಿಸಬಾರದು. ಕಾಲೇಜಿನ ಸಾಲಿನಲ್ಲಿ ಆ ಕಾಲೇಜಿಗೆ ಮಾತ್ರ ಸೇರಿದ ನಾಲ್ಕು ಸಂಗತಿಗಳು ಸಾಕು: ಕಾಲೇಜು ಮತ್ತು ಊರು, ತಿಂಗಳುಗಳು, ತರಗತಿ ಮತ್ತು ವಿಷಯಪತ್ರಿಕೆ, ವಾರಕ್ಕೆ ಎಷ್ಟು ಗಂಟೆ.

ವಿಷಯಪತ್ರಿಕೆಯ ಹೆಸರನ್ನು ಬಿಡಿಸಿ ಬರೆಯಿರಿ. "ಬಿ.ಎಸ್ಸಿ. ಗಣಿತ" ಎಂದರೆ ಏನೂ ತಿಳಿಯುವುದಿಲ್ಲ. "ಬಿ.ಎಸ್ಸಿ. ನಾಲ್ಕನೆಯ ಸೆಮಿಸ್ಟರ್, ಅವಕಲ ಸಮೀಕರಣಗಳು" ಎಂದರೆ, ಆ ಪತ್ರಿಕೆಗೆ ಜನ ಬೇಕಾಗಿರುವ ವಿಭಾಗದ ಮುಖ್ಯಸ್ಥರು ಅಲ್ಲಿಯೇ ನಿಲ್ಲುತ್ತಾರೆ. ಪತ್ರಿಕೆಯ ಸಂಕೇತ ಸಂಖ್ಯೆ ಮಾತ್ರ ಬೇಡ. ನಮ್ಮ ರಾಜ್ಯದಲ್ಲಿ 2021-22ರಿಂದ ಎನ್‌ಇಪಿ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹಳೆಯ ಸಂಕೇತ ಈಗ ಯಾರಿಗೂ ಅರ್ಥವಾಗುವುದಿಲ್ಲ, ಪತ್ರಿಕೆಯ ಹೆಸರು ಅರ್ಥವಾಗುತ್ತದೆ.

## ದಿನಾಂಕ ಮತ್ತು ಲೆಕ್ಕ

ಒಟ್ಟು ಅನುಭವ ಎಷ್ಟು ಎಂದು ಹೇಗೆ ಎಣಿಸಲಿ? ಎಲ್ಲವನ್ನೂ ಕೂಡಿಸಿಬಿಡಬಹುದೇ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸುತ್ತೇನೆ. ಬಾಗಲಕೋಟೆ ಜಿಲ್ಲೆಯ ಒಬ್ಬ ಗಣಿತ ಪದವೀಧರೆ ತನ್ನ ಕೆಲಸಗಳನ್ನು ಹೀಗೆ ಪಟ್ಟಿ ಮಾಡಿಕೊಂಡಿದ್ದಾಳೆ ಎಂದುಕೊಳ್ಳಿ. ಮುಧೋಳದ ಪದವಿ ಕಾಲೇಜಿನಲ್ಲಿ 2022ರ ಫೆಬ್ರುವರಿಯಿಂದ ಜೂನ್‌ವರೆಗೆ 5 ತಿಂಗಳು. ಜಮಖಂಡಿಯ ಖಾಸಗಿ ಪಿಯು ಕಾಲೇಜಿನಲ್ಲಿ 2022ರ ಜುಲೈಯಿಂದ 2023ರ ಮಾರ್ಚ್‌ವರೆಗೆ 9 ತಿಂಗಳು, ಅರೆಕಾಲಿಕ. ಬನಹಟ್ಟಿಯ ಪದವಿ ಕಾಲೇಜಿನಲ್ಲಿ 2022ರ ಡಿಸೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ 5 ತಿಂಗಳು. ಮತ್ತೆ ಮುಧೋಳದ ಅದೇ ಕಾಲೇಜಿನಲ್ಲಿ 2023ರ ಸೆಪ್ಟೆಂಬರ್‌ನಿಂದ 2024ರ ಜನವರಿವರೆಗೆ 5 ತಿಂಗಳು.

ಕೂಡಿಸಿದರೆ 24 ತಿಂಗಳು. ಮೊದಲ ದಿನದಿಂದ ಕೊನೆಯ ದಿನದವರೆಗೆ ಎಣಿಸಿದರೂ 24 ತಿಂಗಳು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದಿದ್ದರಿಂದ "2 ವರ್ಷದ ಅನುಭವ" ಎಂದು ಬರೆಯಲು ಅವಳಿಗೆ ಧೈರ್ಯ ಬಂದೀತು. ಆದರೆ ಅದು ತಪ್ಪು. ಕೂಡಿಸುವಾಗ 2022ರ ಡಿಸೆಂಬರ್‌ನಿಂದ 2023ರ ಮಾರ್ಚ್‌ವರೆಗಿನ 4 ತಿಂಗಳು ಎರಡು ಸಲ ಸೇರಿವೆ, ಏಕೆಂದರೆ ಆಗ ಅವಳು ಜಮಖಂಡಿಯಲ್ಲೂ ಬನಹಟ್ಟಿಯಲ್ಲೂ ಪಾಠ ಮಾಡುತ್ತಿದ್ದಳು. ಮೊದಲಿನಿಂದ ಕೊನೆಯವರೆಗೆ ಎಣಿಸುವಾಗ 2023ರ ಮೇಯಿಂದ ಆಗಸ್ಟ್‌ವರೆಗಿನ 4 ತಿಂಗಳು ಸುಮ್ಮನೆ ಒಳಗೆ ಬಂದಿವೆ, ಆಗ ಅವಳಿಗೆ ಯಾವ ಕಾಲೇಜಿನಲ್ಲೂ ಕೆಲಸವಿರಲಿಲ್ಲ. ನಿಜವಾದ ಲೆಕ್ಕ 20 ತಿಂಗಳು.

ಇದನ್ನು ಹಿಡಿಯಲು ಸುಲಭವಾದ ದಾರಿಯೊಂದಿದೆ. ಹಳೆಯ ಕ್ಯಾಲೆಂಡರ್ ತೆಗೆದುಕೊಂಡು, ಯಾವುದೋ ಒಂದು ಕಾಲೇಜಿನಲ್ಲಾದರೂ ಪಾಠ ಮಾಡಿದ ತಿಂಗಳಿಗೆ ಒಂದೇ ಒಂದು ಗುರುತು ಹಾಕಿ. ಎರಡು ಕಡೆ ದುಡಿದಿದ್ದರೂ ಗುರುತು ಒಂದೇ. ಕೊನೆಗೆ ಗುರುತುಗಳನ್ನು ಎಣಿಸಿ. ಅರ್ಧ ತಿಂಗಳು ಬಂದರೆ ದಿನಗಳನ್ನು ಎಣಿಸಿ ಬರೆಯಿರಿ, ಮೇಲಕ್ಕೆ ಏರಿಸಬೇಡಿ.

ಹಾಗಾದರೆ ಆ ವಿಭಾಗ ಕೊನೆಗೆ ಹೇಗೆ ಕಾಣುತ್ತದೆ? ಒಮ್ಮೆ ಬರೆದು ತೋರಿಸಿ.

ಮೇಲಿನ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಕಾಲೇಜುಗಳ ಪೂರ್ಣ ಹೆಸರನ್ನು ನಾನು ಬಿಟ್ಟಿದ್ದೇನೆ, ನೀವು ಬಿಡಬಾರದು.

> ಬೋಧನಾ ಅನುಭವ
> ಗಣಿತ ಬೋಧನೆ, ಪದವಿ ಮತ್ತು ಪಿಯು ಹಂತ, ಬಾಗಲಕೋಟೆ ಜಿಲ್ಲೆ
> ಫೆಬ್ರುವರಿ 2022 – ಜನವರಿ 2024. ಒಟ್ಟು 20 ತಿಂಗಳು, ಅದರಲ್ಲಿ ಪದವಿ ಹಂತ 15 ತಿಂಗಳು. ಸೆಮಿಸ್ಟರ್ ಆಧಾರದ ಮತ್ತು ಅರೆಕಾಲಿಕ ನೇಮಕ.
> ಎಲ್ಲ ಕಡೆ ತರಗತಿ ಬೋಧನೆಯೊಂದಿಗೆ ಆಂತರಿಕ ಪರೀಕ್ಷೆ ಮತ್ತು ಮೌಲ್ಯಮಾಪನ.
>
> ಪದವಿ ಕಾಲೇಜು, ಮುಧೋಳ: ಅತಿಥಿ ಉಪನ್ಯಾಸಕಿ, ಎರಡು ಅವಧಿ (ಫೆಬ್ರುವರಿ–ಜೂನ್ 2022, ವಾರಕ್ಕೆ 12 ಗಂಟೆ, ಸೆಪ್ಟೆಂಬರ್ 2023–ಜನವರಿ 2024, ವಾರಕ್ಕೆ 15 ಗಂಟೆ). ಬೀಜಗಣಿತ, ಕಲನಶಾಸ್ತ್ರ, ಅವಕಲ ಸಮೀಕರಣಗಳು.
> ಪದವಿ ಕಾಲೇಜು, ಬನಹಟ್ಟಿ: ಅತಿಥಿ ಉಪನ್ಯಾಸಕಿ, ಡಿಸೆಂಬರ್ 2022–ಏಪ್ರಿಲ್ 2023, ವಾರಕ್ಕೆ 8 ಗಂಟೆ. ಬಿ.ಕಾಂ. ವಿದ್ಯಾರ್ಥಿಗಳಿಗೆ ವಾಣಿಜ್ಯ ಗಣಿತ.
> ಪಿಯು ಕಾಲೇಜು, ಜಮಖಂಡಿ: ಅರೆಕಾಲಿಕ ಉಪನ್ಯಾಸಕಿ, ಜುಲೈ 2022–ಮಾರ್ಚ್ 2023, ವಾರಕ್ಕೆ 10 ಗಂಟೆ. ದ್ವಿತೀಯ ಪಿಯು ವಿಜ್ಞಾನ ವಿಭಾಗದ ಗಣಿತ.

ಮುಧೋಳದ ಎರಡು ಅವಧಿಗಳು ಒಂದೇ ಸಾಲಿಗೆ ಬಂದಿರುವುದನ್ನು ಗಮನಿಸಿ. ಒಂದು ಕಾಲೇಜು ನಿಮ್ಮನ್ನು ಎರಡನೆಯ ಸಲ ತೆಗೆದುಕೊಂಡಿದೆ, ಮೊದಲಿಗಿಂತ ಹೆಚ್ಚು ಗಂಟೆ ಕೊಟ್ಟಿದೆ. ಇಡೀ ವಿಭಾಗದಲ್ಲಿ ನಿಮ್ಮ ಪರವಾಗಿ ಗಟ್ಟಿಯಾಗಿ ಮಾತನಾಡುವ ಸಾಲು ಅದೇ. ದಿನಾಂಕದ ಕ್ರಮ ಸ್ವಲ್ಪ ಮುರಿದರೂ ಅದನ್ನು ಮೇಲಿಡಿ. ಪದವಿ ಕಾಲೇಜಿಗೆ ಅರ್ಜಿ ಹಾಕುವಾಗ ಪದವಿ ಹಂತದ ಸಾಲುಗಳು ಮೊದಲು ಬರಲಿ. ಪಿಯು ಕಾಲೇಜಿಗಾದರೆ ಜಮಖಂಡಿಯ ಸಾಲು ಮೇಲೇರಲಿ.

ನಡುವೆ ಖಾಲಿ ಇದ್ದ ತಿಂಗಳುಗಳಿಗೆ ಏನು ಸಬೂಬು ಹೇಳಲಿ?

ಸಬೂಬೇ ಬೇಡ. "ಸೆಮಿಸ್ಟರ್ ಆಧಾರದ ನೇಮಕ" ಎಂಬ ಮಾತು ಮೇಲೆ ಇದ್ದರೆ, ಒಂದು ನೇಮಕ ಮುಗಿದು ಇನ್ನೊಂದಕ್ಕೆ ಕಾಯುವ ತಿಂಗಳುಗಳು ತಾವಾಗಿಯೇ ಅರ್ಥವಾಗುತ್ತವೆ. ಆ ತಿಂಗಳುಗಳನ್ನು ಮುಚ್ಚಲು ವರ್ಷಗಳನ್ನು ಮಾತ್ರ ಬರೆಯುವವರಿದ್ದಾರೆ, "2022–2024" ಎಂದು. ಓದಿದವರು ತಿಂಗಳು ಕೇಳಿಯೇ ಕೇಳುತ್ತಾರೆ, ಆಗ ಮುಚ್ಚಿಟ್ಟಂತೆ ಕಾಣುತ್ತದೆ.

ಒಟ್ಟು ಎಷ್ಟು ಗಂಟೆ ಪಾಠ ಮಾಡಿದೆ ಎಂದು ದೊಡ್ಡ ಸಂಖ್ಯೆ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೇ?

ವಾರಕ್ಕೆ 12 ಗಂಟೆ, 16 ವಾರ ಎಂದು ಗುಣಿಸಿದರೆ 192 ಬರುತ್ತದೆ. ಆದರೆ ಅದು ವೇಳಾಪಟ್ಟಿಯ ಗಂಟೆ, ನೀವು ನಿಜವಾಗಿ ತೆಗೆದುಕೊಂಡ ತರಗತಿಯ ಗಂಟೆಯಲ್ಲ. ಜಾತ್ರೆ, ಚುನಾವಣೆ, ಮಳೆ, ಪರೀಕ್ಷಾ ಕೆಲಸ ಎಂದು ತರಗತಿ ತಪ್ಪುತ್ತಲೇ ಇರುತ್ತವೆ. ವಾರದ ಗಂಟೆಯನ್ನಷ್ಟೇ ಬರೆಯಿರಿ. ಅದಕ್ಕೆ ವೇಳಾಪಟ್ಟಿಯ ಆಧಾರ ಇದೆ. ಓದುವವರಿಗೂ ಪೂರ್ಣ ಕಾರ್ಯಭಾರದ ಹತ್ತಿರ ದುಡಿದಿದ್ದೀರೋ ಒಂದೆರಡು ತರಗತಿ ಮಾತ್ರವೋ ಎಂಬುದು ಅದರಿಂದಲೇ ತಿಳಿಯುತ್ತದೆ.

## ಟ್ಯೂಷನ್, ಕೋಚಿಂಗ್, ಬಿಡಿ ಉಪನ್ಯಾಸ

ಮನೆಯಲ್ಲಿ ಮೂರು ವರ್ಷ ಟ್ಯೂಷನ್ ಹೇಳಿದ್ದೇನೆ. ಅದನ್ನೂ ಇದೇ ವಿಭಾಗದಲ್ಲಿ ಹಾಕಲೇ?

ವಿಭಾಗ ಅದೇ ಇರಲಿ, ಆದರೆ ಕೊನೆಯ ಸಾಲಾಗಿ, "ಖಾಸಗಿ ಟ್ಯೂಷನ್" ಎಂದು ಸ್ಪಷ್ಟವಾಗಿ ಹೆಸರಿಟ್ಟು ಬರೆಯಿರಿ. ಯಾವ ತರಗತಿ, ಯಾವ ವಿಷಯ, ಒಂದು ವರ್ಷಕ್ಕೆ ಸುಮಾರು ಎಷ್ಟು ವಿದ್ಯಾರ್ಥಿಗಳು ಎಂದರೆ ಸಾಕು. ಮೇಲೆ ಬರೆದ ಒಟ್ಟು ತಿಂಗಳುಗಳಲ್ಲಿ ಟ್ಯೂಷನ್ನಿನ ತಿಂಗಳು ಸೇರಬಾರದು. ಅದಕ್ಕೆ ನೇಮಕದ ಆದೇಶವಿಲ್ಲ, ಪ್ರಮಾಣಪತ್ರ ಕೊಡುವವರಿಲ್ಲ. ಅದನ್ನು ಸೇರಿಸಿದರೆ ದಾಖಲೆಯಿರುವ 20 ತಿಂಗಳಿಗೂ ಸಂಶಯ ಅಂಟಿಕೊಳ್ಳುತ್ತದೆ. ವಿದ್ಯಾರ್ಥಿಗಳ ಹೆಸರು, ಅಂಕ, ಪೋಷಕರ ಫೋನ್ ನಂಬರ್ ಬರೆಯಬೇಡಿ.

ಇನ್ನೊಂದು ಮಾತು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಂ ಹೇಳುತ್ತದೆ. ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ತಿಂಗಳುಗಳಲ್ಲೇ ಟ್ಯೂಷನ್ನೂ ನಡೆದಿದ್ದರೆ, ಶಾಲೆಯ ಹುದ್ದೆಯ ಸಂದರ್ಶನದಲ್ಲಿ ಅದರ ಬಗ್ಗೆ ಕೇಳುತ್ತಾರೆ. ಉತ್ತರವನ್ನು ಮೊದಲೇ ಯೋಚಿಸಿಕೊಂಡು ಹೋಗಿ.

ವಿಜಯಪುರದಲ್ಲಿ ನವೋದಯ, ಸೈನಿಕ ಶಾಲೆ ಕೋಚಿಂಗ್ ತರಗತಿ ತೆಗೆದುಕೊಂಡಿದ್ದೇನೆ. "ನನ್ನ ಇಷ್ಟು ವಿದ್ಯಾರ್ಥಿಗಳು ಆಯ್ಕೆಯಾದರು" ಎಂದು ಬರೆಯಬಹುದೇ?

ವಿಜಯಪುರದಲ್ಲಿ ಸೈನಿಕ ಶಾಲೆಯೇ ಇರುವುದರಿಂದ ಈ ಕೆಲಸದ ತೂಕ ಇಲ್ಲಿನವರಿಗೆ ಗೊತ್ತು. ಆದರೆ ಆಯ್ಕೆಯಾದ ಮಗುವಿಗೆ ಗಣಿತ, ಭಾಷೆ, ಬೌದ್ಧಿಕ ಸಾಮರ್ಥ್ಯ ಎಲ್ಲವನ್ನೂ ಬೇರೆ ಬೇರೆಯವರು ಹೇಳಿಕೊಟ್ಟಿರುತ್ತಾರೆ. ಸಂಸ್ಥೆಯ ಬ್ಯಾನರಿನ ಮೇಲಿನ ಸಂಖ್ಯೆ ನಿಮ್ಮೊಬ್ಬರದಲ್ಲ. "ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಅಂಕಗಣಿತ, ತಲಾ 35 ಮಕ್ಕಳ ಎರಡು ತಂಡ, ವಾರಕ್ಕೆ 9 ಗಂಟೆ" ಎಂಬಂತೆ ನೀವು ಮಾಡಿದ್ದನ್ನು ಬರೆಯಿರಿ. ಪಾಠಕ್ಕಾಗಿ ನೀವೇ ಪ್ರಶ್ನೆಗಳ ಕಿರುಪುಸ್ತಕ ತಯಾರಿಸಿದ್ದರೆ ಅದನ್ನು ಬರೆಯಲು ಮರೆಯಬೇಡಿ. ಅದು ಪೂರ್ತಿ ನಿಮ್ಮದು.

ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರೇ ಉಪನ್ಯಾಸ ಕೊಟ್ಟೆ. ಅದೂ ಅನುಭವವೇ?

ಅದು ವಿಶೇಷ ಉಪನ್ಯಾಸ. ಅತಿಥಿ ಉಪನ್ಯಾಸಕರ ಹುದ್ದೆಗೂ ಇದಕ್ಕೂ ಹೆಸರು ಹತ್ತಿರ, ಕೆಲಸ ದೂರ. "ಆಹ್ವಾನಿತ ಉಪನ್ಯಾಸಗಳು" ಎಂಬ ಒಂದು ಸಾಲಿನಲ್ಲಿ ವಿಷಯ, ಕಾಲೇಜು, ತಿಂಗಳು ಕೊಡಿ. ಒಟ್ಟು ಲೆಕ್ಕದಲ್ಲಿ ಸೇರಿಸಬೇಡಿ.

## ದಾಖಲೆ ಮತ್ತು ಹೆಸರುಗಳು

ಅನುಭವ ಪ್ರಮಾಣಪತ್ರದಲ್ಲಿ ಏನಿರಬೇಕು? ಬರೀ "ಚೆನ್ನಾಗಿ ಕೆಲಸ ಮಾಡಿದ್ದಾರೆ" ಎಂದು ಕೊಟ್ಟಿದ್ದಾರೆ.

ಸೇರಿದ ದಿನ, ಬಿಡುಗಡೆಯಾದ ದಿನ, ಹುದ್ದೆಯ ಹೆಸರು, ವಿಷಯ ಮತ್ತು ತರಗತಿ, ವಾರದ ಕಾರ್ಯಭಾರ. ಇವು ಕಾಲೇಜಿನ ಪತ್ರಶಿರದ ಮೇಲೆ, ಜಾವಕ ಸಂಖ್ಯೆ ಮತ್ತು ದಿನಾಂಕದೊಂದಿಗೆ, ಪ್ರಾಂಶುಪಾಲರ ಸಹಿ ಮೊಹರಿನೊಂದಿಗೆ ಇರಬೇಕು. ಜಾವಕ ಸಂಖ್ಯೆ ಇದ್ದರೆ ಆ ಪತ್ರ ಕಚೇರಿಯ ವಹಿಯಲ್ಲಿ ದಾಖಲಾಗಿದೆ ಎಂದರ್ಥ. ವರ್ಷಗಳ ನಂತರ ಯಾರಾದರೂ ಕಾಲೇಜಿಗೆ ಫೋನ್ ಮಾಡಿ ಕೇಳಿದರೂ ಅಲ್ಲಿ ಸಿಗುತ್ತದೆ.

ಸೆಮಿಸ್ಟರ್ ಮುಗಿದ ವಾರದಲ್ಲೇ ಕೇಳಿ ತೆಗೆದುಕೊಳ್ಳಿ. ನಾನು ಒಮ್ಮೆ ಎರಡು ವರ್ಷ ತಡಮಾಡಿದೆ. ಅಷ್ಟರಲ್ಲಿ ಪ್ರಾಂಶುಪಾಲರು ವರ್ಗವಾಗಿದ್ದರು, ಹೊಸಬರು ಹಾಜರಿ ವಹಿ ನೋಡದೆ ಸೇರಿದ ತಿಂಗಳನ್ನು ತಪ್ಪಾಗಿ ಬರೆದುಕೊಟ್ಟರು. ತಿದ್ದಿಸಿಕೊಳ್ಳಲು ನಾಲ್ಕು ಸಲ ಅಲೆದೆ. ಪ್ರಮಾಣಪತ್ರ ಸಿಗಲೇ ಇಲ್ಲವೆಂದರೆ ನೇಮಕದ ಆದೇಶ, ಸಹಿಯಿರುವ ವೇಳಾಪಟ್ಟಿ, ಗೌರವಧನ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಈ ಮೂರನ್ನೂ ಜೋಡಿಸಿ ಇಡಿ. ಬಯೋಡೇಟಾದ ತಿಂಗಳುಗಳು ಈ ಕಾಗದಗಳ ತಿಂಗಳುಗಳೇ ಆಗಿರಲಿ.

ಹಳೆಯ ಪತ್ರದಲ್ಲಿ "ಬಿಜಾಪುರ" ಎಂದಿದೆ. ವಿಶ್ವವಿದ್ಯಾಲಯದ ಹೆಸರೂ ಬದಲಾಗಿದೆ. ಯಾವುದನ್ನು ಬರೆಯಲಿ?

ಊರಿನ ಹೆಸರು ಈಗಿನದೇ ಇರಲಿ. ಬಿಜಾಪುರ ವಿಜಯಪುರವಾದದ್ದು, ಬೆಳಗಾಂ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು. ಪತ್ರ ಅದಕ್ಕಿಂತ ಹಳೆಯದಾಗಿದ್ದರೆ "ವಿಜಯಪುರ (ಆಗಿನ ಬಿಜಾಪುರ)" ಎಂದು ಒಮ್ಮೆ ಬರೆದರೆ ಸಾಕು.

ವಿಶ್ವವಿದ್ಯಾಲಯದ ವಿಷಯದಲ್ಲಿ ಮಾತ್ರ ಆಗಿನದನ್ನೇ ಬರೆಯಬೇಕು. ನಮ್ಮ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, 2023ರಲ್ಲಿ ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವಾಯಿತು. ನೀವು ಕಲಿಸಿದ ವಿದ್ಯಾರ್ಥಿಗಳು ಯಾವ ವಿಶ್ವವಿದ್ಯಾಲಯದ ಪರೀಕ್ಷೆ ಬರೆದರೋ ಅದರ ಹೆಸರು ಕೊಡಿ. ನೀವು ಯಾವ ಪಠ್ಯಕ್ರಮ ಕಲಿಸಿದ್ದೀರಿ ಎಂಬುದು ಅದರಿಂದಲೇ ತಿಳಿಯುವುದು.

## ಮುಂದಿನ ಹಂತದ ಪ್ರಶ್ನೆಗಳು

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಈ 20 ತಿಂಗಳನ್ನು ಎಣಿಸುತ್ತಾರೆಯೇ?

ಇಲ್ಲಿ ಎರಡು ಮಾತು ಬೇರೆ ಬೇರೆ ಇವೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವ ಅಂಕಪಟ್ಟಿಯಿದೆ. ಅದರಲ್ಲಿ ಬೋಧನಾ ಅನುಭವಕ್ಕೆ ವರ್ಷಕ್ಕೆ 2 ಅಂಕ, ಗರಿಷ್ಠ 10. ವರ್ಷಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಪದವಿ ಹಂತದ 15 ತಿಂಗಳನ್ನು ಸಂಸ್ಥೆ ಒಪ್ಪಿದರೆ 2.5 ಅಂಕ. ಪದವಿ ಹಂತದ ತಿಂಗಳುಗಳನ್ನು ಬೇರೆಯಾಗಿ ತೋರಿಸಲು ನಾನು ಹೇಳಿದ್ದು ಇದಕ್ಕಾಗಿಯೇ.

ಆದರೆ ಅದೇ ನಿಯಮಾವಳಿ, ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನು ಹಿಂದಿನ ಸೇವೆಯೆಂದು ಪರಿಗಣಿಸಲು ಷರತ್ತುಗಳನ್ನೂ ಹಾಕಿದೆ: ನಿಗದಿತ ವಿದ್ಯಾರ್ಹತೆ ಇರಬೇಕು, ವಿಧಿವತ್ತಾದ ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಸಂಭಾವನೆ ಕಾಯಂ ಸಹಾಯಕ ಪ್ರಾಧ್ಯಾಪಕರ ಮಾಸಿಕ ವೇತನಕ್ಕಿಂತ ಕಡಿಮೆ ಇರಬಾರದು. ನಮ್ಮ ಕಡೆಯ ಅತಿಥಿ ಉಪನ್ಯಾಸಕರಲ್ಲಿ ಬಹುತೇಕರು ಈ ಕೊನೆಯ ಷರತ್ತಿನಲ್ಲಿ ನಿಲ್ಲುವುದಿಲ್ಲ. ಇದು ಅನ್ಯಾಯ ಎನ್ನುವುದು ನನ್ನ ಅಭಿಪ್ರಾಯ, ಆದರೆ ಅಭಿಪ್ರಾಯದಿಂದ ಅರ್ಜಿ ತುಂಬಲಾಗದು. ಪ್ರತಿ ಅಧಿಸೂಚನೆಯಲ್ಲೂ ಅನುಭವದ ಬಗ್ಗೆ ಏನಿದೆ ಎಂಬುದನ್ನು ಓದಿಯೇ ಮುಂದುವರಿಯಿರಿ. ಅರ್ಜಿ ನಮೂನೆಯಲ್ಲಿ ಸೇವೆಗೆ ಬೇರೆ ಬೇರೆ ಸಾಲುಗಳಿದ್ದರೆ ಅಲ್ಲಿ ಒಟ್ಟುಗೂಡಿಸಬೇಡಿ. ಪ್ರತಿ ನೇಮಕಕ್ಕೂ ಅದರದೇ ದಿನಾಂಕ, ಅದರದೇ ಪ್ರಮಾಣಪತ್ರ. ಒಂದೇ ವಿಭಾಗದ ಕಟ್ಟು ಬಯೋಡೇಟಾಕ್ಕೆ ಮಾತ್ರ.

"ಇಷ್ಟು ಕಾಲೇಜು ಯಾಕೆ ಬಿಟ್ಟಿರಿ?" ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳಲಿ?

ನೀವು ಬಿಡಲಿಲ್ಲ, ಸೆಮಿಸ್ಟರಿನ ನೇಮಕ ಮುಗಿಯಿತು ಎಂದು ಒಂದೇ ವಾಕ್ಯದಲ್ಲಿ ಹೇಳಿ. ನಂತರ ತಕ್ಷಣ ಒಂದು ಪತ್ರಿಕೆಯ ಬಗ್ಗೆ ಮಾತು ತೆಗೆಯಿರಿ. ನಮ್ಮ ಉದಾಹರಣೆಯ ಹುಡುಗಿಯಾದರೆ, ಬನಹಟ್ಟಿಯ ಬಿ.ಕಾಂ. ಮಕ್ಕಳಿಗೆ ಬಡ್ಡಿಯ ಲೆಕ್ಕವನ್ನು ನೇಕಾರರ ಸಾಲದ ಉದಾಹರಣೆಯಿಂದ ಹೇಗೆ ಹೇಳಿಕೊಟ್ಟೆ, ಅದೇ ಬೀಜಗಣಿತವನ್ನು ಮುಧೋಳದಲ್ಲಿ ಎರಡನೆಯ ಸಲ ಕಲಿಸುವಾಗ ಏನನ್ನು ಬದಲಿಸಿದೆ ಎಂದು ಹೇಳಬಹುದು. ಕೇಳಿದವರ ಮುಂದೆ ನಿಮ್ಮ ಬಯೋಡೇಟಾ ತೆರೆದಿರುತ್ತದೆ, ಮುಧೋಳದ ಸಾಲಿನಲ್ಲಿ "ಎರಡು ಅವಧಿ" ಎಂದಿರುತ್ತದೆ. ಅವರ ಮುಂದಿನ ಪ್ರಶ್ನೆ ಹೆಚ್ಚಾಗಿ ಅದರ ಬಗ್ಗೆಯೇ ಬರುತ್ತದೆ.